‘ಶ್ರೀವನಿತೆಯರಸನೆ’ ಪದ್ಯಕ್ಕೆ ಭಾವಾರ್ಥ ಬರೆಯುವುದು ಹೇಗೆ?

“ಮಗಳು ಹೈಸ್ಕೂಲಿನಲ್ಲಿದ್ದಾಳೆ. ಕುಮಾರವ್ಯಾಸನ ‘ಶ್ರೀವನಿತೆಯರಸನೆ’ ಪದ್ಯಕ್ಕೆ ಭಾವಾರ್ಥ ಬರೆಯಬೇಕಂತೆ. ಡಿಕ್ಷನರಿ ನೋಡಿ ಒಂದೊಂದೇ ಪದದ ಅರ್ಥ ಬರೆದುಕೊಂಡೆವು, ಆದ್ರೂ ಎಲ್ಲಾ ಸೇರಿ ಏನು ಹೇಳ್ತಿದೆ ಅಂತ ಗೊತ್ತಾಗ್ತಿಲ್ಲ. ಹೇಗೆ ಬಿಡಿಸೋದು?”

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನು. ಈ ಪದ್ಯವನ್ನು ಬಹಳ ವರ್ಷ ಮಕ್ಕಳ ಜೊತೆ ಓದಿದ್ದೇನೆ. ಮೊದಲು ಪದ್ಯ ಕಣ್ಣ ಮುಂದೆ ಇರಲಿ.

ಶ್ರೀವನಿತೆಯರಸನೆ ವಿಮಲ ರಾ
ಜೀವ ಪೀಠನ ಪಿತನೆ ಜಗಕತಿ
ಪಾವನನೆ ಸನಕಾದಿ ಸಜ್ಜನನಿಕರ ದಾತಾರ
ರಾವಣಾಸುರ ಮಥನ ಶ್ರವಣ ಸು
ಧಾ ವಿನೂತನ ಕಥನ ಕಾರಣ
ಕಾವುದಾನತ ಜನವ ಗದುಗಿನ ವೀರನಾರಯಣ

ಡಿಕ್ಷನರಿ ಹಿಡಿಯುವ ಮೊದಲು ಒಂದು ಕೆಲಸ ಇದೆ. ಸಾಲು ಮುಗಿದ ಕಡೆ ಪದ ಮುಗಿದಿದೆಯಾ ಅಂತ ನೋಡಬೇಕು. ಇದು ಭಾಮಿನಿ ಷಟ್ಪದಿ. ಒಂದು, ಎರಡು, ನಾಲ್ಕು, ಐದನೇ ಸಾಲಿಗೆ 14 ಮಾತ್ರೆ. ಮಾತ್ರೆ ತುಂಬಿದ ಕೂಡಲೇ ಸಾಲು ಮುರಿಯುತ್ತದೆ, ಪದ ಅರ್ಧಕ್ಕೇ ನಿಂತರೂ ಸರಿ. ಇಲ್ಲಿ ‘ರಾ’ ಒಂದು ಸಾಲಿನಲ್ಲಿ, ‘ಜೀವ’ ಇನ್ನೊಂದು ಸಾಲಿನಲ್ಲಿ ಬಿದ್ದಿದೆ. ಸೇರಿಸಿದರೆ ರಾಜೀವ, ಅಂದರೆ ತಾವರೆ. ಬಿಡಿಯಾಗಿ ಓದಿದ ಮಕ್ಕಳು ‘ಜೀವ’ ಅಂದರೆ ಪ್ರಾಣ ಅಂತ ಬರೆದುಬಿಡುತ್ತಾರೆ. ‘ಸು’ ಮತ್ತು ‘ಧಾ’ ಸೇರಿದರೆ ಸುಧಾ, ಅಮೃತ. ‘ಜಗಕತಿ’ ಅಂದರೆ ಜಗಕೆ ಅತಿ. ಅದರ ಮುಂದಿನ ‘ಪಾವನನೆ’ ಸೇರಿಸಿದರೆ ‘ಜಗತ್ತಿಗೇ ಅತಿ ಪವಿತ್ರನಾದವನೆ’ ಎಂದಾಗುತ್ತದೆ. ಹಾಗಾಗಿ ಮಗಳಿಗೆ ಆರು ಸಾಲನ್ನೂ ಗದ್ಯದ ಹಾಗೆ ಒಂದೇ ಉದ್ದಕ್ಕೆ ಬರೆದುಕೊಳ್ಳಲು ಹೇಳಿ.

ಆಮೇಲೆ ಮೊದಲ ಪದದಿಂದ ಶುರು ಮಾಡಬೇಡಿ. ನಿಮಗೆ ತೊಡಕಾಗಿರುವುದು ಅಲ್ಲೇ ಅನಿಸುತ್ತದೆ. ಕ್ರಿಯಾಪದ ಎಲ್ಲಿದೆ ಅಂತ ಹುಡುಕಿ. ಇಡೀ ಪದ್ಯಕ್ಕೆ ಇರುವುದು ಒಂದೇ ಕ್ರಿಯಾಪದ, ಅದೂ ಕೊನೆಯ ಸಾಲಿನಲ್ಲಿ: ‘ಕಾವುದು’. ಡಿಕ್ಷನರಿಯಲ್ಲಿ ಹುಡುಕಿದರೆ ‘ಕಾವು’ ಸಿಗುತ್ತದೆ, ಬಿಸಿ ಅನ್ನುವ ಅರ್ಥ ಇರುತ್ತದೆ. ಅದಲ್ಲ ಇದು. ಕಾಯು ಅನ್ನುವ ಧಾತುವಿನ ಹಳೆಯ ರೂಪ. ‘ಕಾಯಬೇಕು, ಕಾಪಾಡು’ ಎಂಬ ಬೇಡಿಕೆ. ಯಾರನ್ನು ಕಾಪಾಡಬೇಕು? ‘ಆನತ ಜನವ’. ಆನತ ಅಂದರೆ ಬಾಗಿದ, ನಮಸ್ಕರಿಸಿದ. ‘ಜನವ’ ಅಂದರೆ ಜನವನ್ನು. ‘ಕಾವುದಾನತ’ದ ನಡುವೆ ‘ದಾನ’ ಕಾಣಿಸುತ್ತದೆ ಅಂತ ‘ದಾನ ಮಾಡುವ ಜನ’ ಎಂದು ಬರೆದ ಉತ್ತರಗಳನ್ನು ನಾನು ತಿದ್ದಿದ್ದೇನೆ. ಕಾವುದು + ಆನತ ಎಂದು ಬಿಡಿಸಿದರೆ ಆ ತಪ್ಪು ಆಗುವುದಿಲ್ಲ.

ಕಾಪಾಡಬೇಕಾದವನು ಯಾರು? ಗದುಗಿನ ವೀರನಾರಾಯಣ. ಅಲ್ಲಿಗೆ ಪದ್ಯದ ಬೆನ್ನುಮೂಳೆ ಸಿಕ್ಕಿತು: ‘ಗದುಗಿನ ವೀರನಾರಾಯಣನೆ, ನಿನಗೆ ಬಾಗಿದ ಜನರನ್ನು ಕಾಪಾಡು.’ ಮೇಲಿನ ಐದು ಸಾಲೂ ಅವನೊಬ್ಬನನ್ನೇ ಕರೆಯುವ ಬೇರೆ ಬೇರೆ ಹೆಸರುಗಳು. ಅರಸನೆ, ಪಿತನೆ, ಪಾವನನೆ ಎನ್ನುವಲ್ಲಿ ‘ನೆ’ ಇರುವುದರಿಂದ ಕರೆಯುವುದು ಅಂತ ಗೊತ್ತಾಗುತ್ತದೆ. ದಾತಾರ, ಮಥನ, ಕಾರಣ ಎನ್ನುವಲ್ಲಿ ‘ನೆ’ ಇಲ್ಲ. ಆದರೂ ಅವೂ ಕರೆಯುವ ಪದಗಳೇ. ಇದು ತಿಳಿಯದೆ ಹೋದರೆ ಒಂದು ಪದ್ಯದಲ್ಲಿ ನಾಲ್ಕೈದು ಜನ ಇದ್ದಾರೆ ಅನಿಸಿ ಗೊಂದಲವಾಗುತ್ತದೆ.

ಈಗ ಒಂದೊಂದು ಹೆಸರು ಬಿಡಿಸೋಣ. ಶ್ರೀವನಿತೆಯ ಅರಸ. ಇಲ್ಲಿ ‘ಶ್ರೀ’ ಗೌರವಕ್ಕೆ ಹಾಕಿದ್ದಲ್ಲ, ಅದೇ ಲಕ್ಷ್ಮಿಯ ಹೆಸರು. ಶ್ರೀ ಎಂಬ ಹೆಣ್ಣಿನ ಗಂಡ, ಅಂದರೆ ವಿಷ್ಣು.

ಜಾಸ್ತಿ ಜನ ಎಡವುವುದು ಎರಡನೆಯದರಲ್ಲಿ. ‘ರಾಜೀವ ಪೀಠನ ಪಿತನೆ.’ ತಾವರೆ ಅಂದ ತಕ್ಷಣ ಮಕ್ಕಳಿಗೆ ಲಕ್ಷ್ಮಿ ನೆನಪಾಗುತ್ತಾಳೆ, ಇಲ್ಲದಿದ್ದರೆ ತಾವರೆಯ ಮೇಲೆ ಕೂತ ವಿಷ್ಣು ಅಂತ ಬರೆಯುತ್ತಾರೆ. ಕವಿ ಇಲ್ಲಿ ಎರಡು ಮೆಟ್ಟಿಲು ಇಟ್ಟಿದ್ದಾನೆ. ತಾವರೆಯೇ ಪೀಠವಾಗಿರುವವನು ಬ್ರಹ್ಮ. ಅವನ ತಂದೆ ವಿಷ್ಣು. ವಿಷ್ಣುವಿನ ಹೊಕ್ಕುಳಿನಿಂದ ತಾವರೆ ಹುಟ್ಟಿತು, ಅದರಲ್ಲಿ ಬ್ರಹ್ಮ ಹುಟ್ಟಿದ ಎಂಬ ಪುರಾಣದ ಕಥೆ ‘ಪಿತನೆ’ ಎಂಬ ಒಂದು ಪದದೊಳಗೆ ಮಡಚಿ ಕೂತಿದೆ. ಉತ್ತರದಲ್ಲಿ ಬ್ರಹ್ಮನ ಹೆಸರು ಬರಲೇಬೇಕು. ನಾನು ಪೇಪರ್ ನೋಡುವಾಗ ಮೊದಲು ಹುಡುಕುತ್ತಿದ್ದದ್ದೂ ಅದನ್ನೇ. ಅದು ಇದ್ದರೆ ಮಗು ಪದ್ಯವನ್ನು ನಿಜವಾಗಿ ಬಿಡಿಸಿದೆ ಅಂತ ಅರ್ಥ.

ಸನಕಾದಿ ಅಂದರೆ ಸನಕ, ಸನಂದನ, ಸನಾತನ, ಸನತ್ಕುಮಾರರು. ನಿಕರ ಅಂದರೆ ಗುಂಪು. ದಾತಾರ ಅಂದರೆ ಕೊಡುವವನು. ಏನು ಕೊಟ್ಟ ಅಂತ ಪದ್ಯ ಹೇಳುವುದಿಲ್ಲ. ಅವರು ಎಲ್ಲ ಬಿಟ್ಟ ವಿರಕ್ತರು, ಹಾಗಾಗಿ ‘ಹಣ ಕೊಟ್ಟವನು’ ಎಂದು ಬರೆಯಬಾರದು. ‘ಸಜ್ಜನರಿಗೆ ಒಲಿದು ಕೊಡುವವನು’ ಅಂದರೆ ಸಾಕು. ರಾವಣಾಸುರ ಮಥನ ಎಂದರೆ ರಾವಣನನ್ನು ಕೊಂದವನು. ಮಥನ ಎಂದರೆ ಕಡೆಯುವುದು, ಇಲ್ಲಿ ನಾಶ ಮಾಡುವುದು. ಮಹಾಭಾರತದ ಕಾವ್ಯದಲ್ಲಿ ರಾವಣ ಯಾಕೆ ಬಂದ ಅಂತ ಮಗಳು ಕೇಳಬಹುದು. ರಾಮನೂ ಅದೇ ವಿಷ್ಣುವಿನ ಅವತಾರ ಅಲ್ವಾ?

ನನಗೆ ತುಂಬಾ ಇಷ್ಟವಾದ ಭಾಗ ಮುಂದಿನದು. ಶ್ರವಣ ಅಂದರೆ ಕೇಳುವುದು, ಕಿವಿ. ಕಿವಿಗೆ ಅಮೃತದಂತಿರುವ, ಹೊಚ್ಚ ಹೊಸದಾದ ಕಥೆಗೆ ಕಾರಣನಾದವನೆ, ಎಂದು ಕವಿ ಕರೆಯುತ್ತಾನೆ. ಭಾರತದ ಕಥೆ ಹಳೆಯದು. ಆದರೂ ‘ವಿನೂತನ’ ಎನ್ನುತ್ತಾನೆ. ಅದನ್ನು ಹೊಸದಾಗಿ ಮಾಡಿದ ಹೆಮ್ಮೆಯನ್ನು ತಾನು ಇಟ್ಟುಕೊಳ್ಳದೆ ದೇವರಿಗೆ ಕೊಡುತ್ತಾನೆ. ಇದೇ ಕಾವ್ಯದಲ್ಲಿ ಮುಂದೆ ವೀರನಾರಾಯಣನೇ ಕವಿ, ತಾನು ಬರೀ ಲಿಪಿಕಾರ ಎಂದೂ ಹೇಳುತ್ತಾನೆ. ‘ಸ್ವಾರಸ್ಯ ಬರೆಯಿರಿ’ ಎಂಬ ಪ್ರಶ್ನೆ ಬಂದರೆ ಈ ಮಾತು ಬರೆಯಲಿ. ಕೆಲವರು ‘ರಾವಣಾಸುರ ಮಥನ’ವನ್ನೂ ಇದಕ್ಕೇ ಸೇರಿಸಿ, ರಾವಣನ ವಧೆಯ ಕಥೆಗೆ ಕಾರಣನಾದವನೆ ಎಂದು ಓದಬಹುದು. ವ್ಯಾಕರಣಕ್ಕೆ ಅದೂ ಒಗ್ಗುತ್ತದೆ. ಆದರೆ ಇದು ಭಾರತದ ಕಥೆ ಶುರುವಾಗುವ ಪದ್ಯ. ಬೇರೆ ಬೇರೆಯಾಗಿ ಓದುವುದೇ ನನಗೆ ಸರಿ ಅನಿಸುತ್ತದೆ.

ಮಗಳು ಬರೆಯಬಹುದಾದ ಉತ್ತರ ಹೀಗಿರಲಿ. ‘ಲಕ್ಷ್ಮಿಯ ಗಂಡನೆ, ತಾವರೆಯಲ್ಲಿ ಕುಳಿತ ಬ್ರಹ್ಮನ ತಂದೆಯೆ, ಜಗತ್ತಿಗೇ ಪವಿತ್ರನಾದವನೆ, ಸನಕ ಮೊದಲಾದ ಸಜ್ಜನರಿಗೆ ಒಲಿದು ಕೊಡುವವನೆ, ರಾವಣನನ್ನು ಕೊಂದವನೆ, ಕೇಳುವವರ ಕಿವಿಗೆ ಅಮೃತದಂತಿರುವ ಹೊಸ ಕಥೆಗೆ ಕಾರಣನಾದವನೆ, ಗದುಗಿನ ವೀರನಾರಾಯಣನೆ, ನಿನಗೆ ನಮಸ್ಕರಿಸಿದ ಜನರನ್ನು ಕಾಪಾಡು ಎಂದು ಕವಿ ಬೇಡುತ್ತಾನೆ.’ ಪದ್ಯದ ಹಾಗೇ ಒಂದೇ ವಾಕ್ಯ. ಉದ್ದವಾಯಿತು ಅನಿಸಿದರೆ ಬೇಡಿಕೆಯನ್ನು ಮೊದಲು ಹೇಳಿ, ಆಮೇಲೆ ‘ಆ ದೇವರು ಎಂಥವನು ಎಂದರೆ’ ಎಂದು ಮುಂದುವರಿಸಬಹುದು.

ಒಂದು ಸಣ್ಣ ಮಾತು ಉಳಿಯಿತು. ಬಾಯಿಪಾಠದ ಪದ್ಯ ಬರೆಯುವಾಗ ಮಗಳು ಕೊನೆಯಲ್ಲಿ ‘ವೀರನಾರಾಯಣ’ ಅಂತ ತಿದ್ದದಿರಲಿ. ಪದ್ಯದಲ್ಲಿ ಇರುವುದು ‘ನಾರಯಣ’. ಕೊನೆಯ ಸಾಲನ್ನು ಮೂರು, ನಾಲ್ಕು ಮಾತ್ರೆಯ ಗಣಗಳಾಗಿ ಬಿಡಿಸಿ ನೋಡಿ: ಕಾವು, ದಾನತ, ಜನವ, ಗದುಗಿನ, ವೀರ, ನಾರಯ, ಕೊನೆಗೆ ಒಂದು ಗುರುವಾಗಿ ‘ಣ’. ‘ನಾರಾಯ’ ಎಂದರೆ ಐದು ಮಾತ್ರೆ ಆಗಿ ಗಣ ಕೆಡುತ್ತದೆ. ಅರ್ಥ ಬರೆಯುವಾಗ ಮಾತ್ರ ನಾರಾಯಣ ಎಂದೇ ಬರೆಯಲಿ.