ಮಿಮಿಕ್ರಿ ಎಲ್ಲಿ ತನಕ ತಮಾಷೆ?

"ಆಫೀಸಲ್ಲಿ ಘಟ್ಟದ ಮೇಲಿನವರೊಬ್ರು 'ಹಾಲು' ಅನ್ಲಿಕ್ಕೆ 'ಆಲು' ಅಂತಾರೆ, ನಾನು ಹಾಗೇ ಮಾಡಿ ತೋರಿಸಿದ್ರೆ ಅವರೂ ನಗ್ತಾರೆ. ತಪ್ಪಾ?"

ಅವರು ನಗ್ತಾರೆ ಅನ್ನೋದನ್ನ ಲೆಕ್ಕಕ್ಕೆ ಹಿಡೀಬೇಡಿ ಮಾರಾಯ್ರೆ, ಹತ್ತು ಜನರ ಎದುರು ನಗದೆ ಮತ್ತೆಂಥ ಮಾಡುದು? ನಾನು ಉಡುಪಿಯಿಂದ ಬೆಂಗಳೂರಿಗೆ ಹೋದ ಹೊಸತರಲ್ಲಿ ರೂಮ್‌ಮೇಟ್ ಒಬ್ಬ ನನ್ನ ಮಿಮಿಕ್ರಿ ಮಾಡ್ತಿದ್ದ, ಬಸ್ ತಪ್ಪಿದ್ರೆ ನಾನು ಸೊಂಟಕ್ಕೆ ಕೈ ಕೊಟ್ಟು "ಎಂಥ ಸಾವು ಮಾರಾಯಾ" ಅಂತ ಕೊನೆ ಎಳೆಯುದು, ನಡುವೆ ಒಂದು ಉಸಿರು ಬಿಡುದು, ಎಲ್ಲ ಥೇಟ್ ನಾನೇ. ಹೊಟ್ಟೆ ಹುಣ್ಣಾಗುವಷ್ಟು ನಗು. ಇನ್ನೊಬ್ಬನಿಗೆ ಸಿಕ್ಕಿದ್ದು "ಉಂಟು" ಒಂದೇ, ಮೀಟಿಂಗಲ್ಲಿ ನಾನು "ಎರಡು ಫೈಲ್ ಬಾಕಿ ಉಂಟು" ಅಂದ್ರೆ "ಉಂಟಾ?" ಅಂತ ರಾಗ ತೆಗೀತಿದ್ದ, ಫೈಲಿನ ವಿಷಯ ಅಲ್ಲಿಗೇ ಖತಂ. (ಮನೇಲಿ ತುಳು, ಕನ್ನಡ ಶಾಲೆಯಲ್ಲಿ ಕಲಿತದ್ದು, ನಮ್ಮದು ಸ್ವಲ್ಪ ಪುಸ್ತಕದ ಹಾಗೇ ಬರುದು.) ಆಮೇಲೆ ನಾನು "ಇದೆ" ಅಂತ ತಡವರಿಸಿ ಹೇಳ್ಲಿಕ್ಕೆ ಶುರು ಮಾಡಿದೆ, ಮತ್ತೆ ಮೀಟಿಂಗಲ್ಲಿ ಬಾಯೇ ಬಿಡ್ತಿರ್ಲಿಲ್ಲ.

ನಿಮ್ಮ ಮಿಮಿಕ್ರಿಯಿಂದ ಅವರ ಮಾತೂ ಹೀಗೆ ಬದಲಾಯ್ತಾ, ಅದನ್ನೇ ನೋಡಿ. ಅವರು ನಿಮ್ಮೆದುರು "ಹ" ಒತ್ತಿ ಒತ್ತಿ ಹೇಳ್ತಿದ್ರೆ, ಇಲ್ಲಾ "ಹಾಲು" ಬರುವಲ್ಲಿ "ಮಿಲ್ಕ್" ಅಂತಿದ್ರೆ, ನೀವು ಆಗ್ಲೇ ತಮಾಷೆಯ ಗೆರೆ ದಾಟಿ ಆಯ್ತು.