ಜೀವಂತ ಲಸಿಕೆ ಜೋರು ನಿಜ, ತಡೆಯುವವರು ಬೇಕಲ್ಲ

ನನ್ನ ಯಜಮಾನರಿಗೆ 52 ವರ್ಷ. ಕಿಡ್ನಿ ಕಸಿ ಆಗಿ ಎಂಟು ತಿಂಗಳಾಯಿತು. ಪಕ್ಕದ ಮನೆ ಮಗುವಿಗೆ ಅಮ್ಮ, ಅಂದರೆ ಚಿಕನ್‌ಪಾಕ್ಸ್, ಬಂದಾಗ ಹೆದರಿ, ಇವರಿಗೂ ಅದರ ಲಸಿಕೆ ಹಾಕಿ ಅಂತ ಕೇಳಿದೆವು. ಅದು ಜೀವಂತ ಲಸಿಕೆ, ಕೊಡಲ್ಲ ಅಂದರು ಡಾಕ್ಟರು. ಫ್ಲೂ ಲಸಿಕೆ ಮಾತ್ರ ಹಾಕಿದರು. ಸತ್ತ ವೈರಸ್ಸಿನ ಲಸಿಕೆ ನೀರಿಗೆ ಸಮ, ಎಂಆರ್‌ಎನ್‌ಎ ಅಂತೂ ಕಸಿಯಾದವರಿಗೆ ಅಪಾಯ ಅಂತಾನೆ ನನ್ನ ಮೈದುನ. ಮೂರರಲ್ಲಿ ಯಾವುದು ಜೋರು? ಮನೆಯಲ್ಲಿ ಒಂದು ವರ್ಷದ ಮೊಮ್ಮಗ ಇದ್ದಾನೆ. ಅವನ ಲಸಿಕೆ ನಿಲ್ಲಿಸಬೇಕಾ?
— ಓದುಗರೊಬ್ಬರು, ಹಾಸನ ಜಿಲ್ಲೆ

ತಾಯಿ, ಮೊದಲು ಒಂದು ಮಾತು. ನಿಮ್ಮ ಡಾಕ್ಟರು ಮಾಡಿದ್ದು ಸರಿ. ಅವರ ಮೇಲೆ ಬೇಸರ ಇಟ್ಟುಕೊಳ್ಳಬೇಡಿ. ಆದರೆ "ಯಾವುದು ಜೋರು" ಅಂತ ಕೇಳಿದಿರಲ್ಲ, ಆ ಪ್ರಶ್ನೆಗೆ ನಿಮ್ಮನ್ನು ಸ್ವಲ್ಪ ಗದರಬೇಕು ಅನ್ನಿಸಿತು. ಲಸಿಕೆ ಎಷ್ಟು ಜೋರು ಅನ್ನುವುದು ಸೀಸೆಯೊಳಗೆ ಇರುವುದಿಲ್ಲ. ಅದನ್ನು ಹಾಕಿಸಿಕೊಳ್ಳುವ ಮೈಯಲ್ಲಿ ಇರುತ್ತದೆ.

ಜೀವಂತ ಲಸಿಕೆಗೆ ಸಲ್ಲಬೇಕಾದ ಮರ್ಯಾದೆ ಸಲ್ಲಲಿ. ಅಮ್ಮ, ದಡಾರ, ರುಬೆಲ್ಲಾ, ಬಾಯಿಗೆ ಹಾಕುವ ಪೋಲಿಯೊ ಹನಿ, ಬಿಸಿಜಿ ಎಲ್ಲ ಈ ಜಾತಿಯವು. ಇವುಗಳಲ್ಲಿರುವ ರೋಗಾಣು ಸತ್ತಿಲ್ಲ, ಸೊರಗಿದೆ ಅಷ್ಟೆ. ಮೈಯೊಳಗೆ ಹೋಗಿ ಒಂದಷ್ಟು ದಿನ ಬೆಳೆಯುತ್ತದೆ. ಹಾಕಿದ್ದು ಚಿಟಿಕೆಯಾದರೂ ಮೈ ನೋಡುವುದು ರಾಶಿ. ನಿಜವಾದ ರೋಗ ಬಂದಿದೆ ಅಂದುಕೊಂಡು ಪ್ರತಿಕಾಯಗಳೂ ಏಳುತ್ತವೆ, ಸೋಂಕು ಹತ್ತಿದ ಜೀವಕೋಶವನ್ನು ಹುಡುಕಿ ಕೊಲ್ಲುವ ಟಿ ಕಣಗಳೂ ಏಳುತ್ತವೆ. ಅದಕ್ಕೇ ಒಂದೆರಡು ಡೋಸಿಗೆ ಬಹಳ ವರ್ಷ ಬಾಳುವ ರಕ್ಷಣೆ.

ಆದರೆ ಈ ಲೆಕ್ಕದಲ್ಲಿ ಒಂದು ಷರತ್ತು ಇದೆ. ಲಸಿಕೆಯ ವೈರಸ್ಸು ಬೆಳೆಯಲು ಶುರು ಮಾಡಿದ ಮೇಲೆ ಅದನ್ನು ಯಾರೋ ನಿಲ್ಲಿಸಬೇಕು. ನಿಲ್ಲಿಸುವುದು ಆ ಟಿ ಕಣಗಳೇ. ನಿಮ್ಮ ಯಜಮಾನರು ದಿನಾ ನುಂಗುವ ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್ ಮಾತ್ರೆಗಳು ಹಿಡಿದು ಕಟ್ಟಿಹಾಕುವುದು ಕೂಡ ಅವನ್ನೇ. ಕಟ್ಟದಿದ್ದರೆ ಹೊಸ ಕಿಡ್ನಿಯನ್ನು ಅವು ಬಿಡುವುದಿಲ್ಲ. ಹಾಗಾಗಿ ಸೊರಗಿದ ವೈರಸ್ಸೂ ಅಂಥ ಮೈಯಲ್ಲಿ ತಡೆಯಿಲ್ಲದೆ ಬೆಳೆದು, ಲಸಿಕೆಯೇ ಕಾಯಿಲೆ ಆಗಬಹುದು. ಮೈತುಂಬ ಬೊಕ್ಕೆ ಏಳಬಹುದು, ಶ್ವಾಸಕೋಶಕ್ಕೋ ಲಿವರಿಗೋ ಇಳಿಯಬಹುದು.

ಇದರಲ್ಲಿ ಮನಸ್ಸು ತಟ್ಟುವ ಸಂಗತಿ ಒಂದಿದೆ. ಅಮ್ಮನ ಲಸಿಕೆಯನ್ನು 1974ರಲ್ಲಿ ಜಪಾನಿನ ಮಿಚಿಯಾಕಿ ತಕಹಾಶಿ ಸಿದ್ಧಪಡಿಸಿದರು. ರಕ್ತದ ಕ್ಯಾನ್ಸರಿನ ಮಕ್ಕಳಂಥ ದುರ್ಬಲರಿಗೇ ಅಮ್ಮ ಪ್ರಾಣಾಂತಕ ಆಗುತ್ತಿತ್ತು. ಅವರನ್ನು ಉಳಿಸುವುದೇ ಮೊದಮೊದಲ ಗುರಿ. ಕ್ಯಾನ್ಸರ್ ಹತೋಟಿಯಲ್ಲಿದ್ದ ಮಕ್ಕಳಿಗೆ ಔಷಧಿಯನ್ನು ಕೆಲವು ದಿನ ನಿಲ್ಲಿಸಿ, ಕಣ್ಣಲ್ಲಿ ಕಣ್ಣಿಟ್ಟು ಲಸಿಕೆ ಹಾಕಿ ನೋಡಿದರು. ಬಹಳ ಮಕ್ಕಳಿಗೆ ರಕ್ಷಣೆ ಸಿಕ್ಕಿತು. ಆದರೆ ಔಷಧಿಯ ಮೇಲಿದ್ದ ಎಷ್ಟೋ ಮಕ್ಕಳಿಗೆ ಲಸಿಕೆಯಿಂದಲೇ ಬೊಕ್ಕೆ ಎದ್ದವು, ಕೆಲವರಿಗೆ ವೈರಸ್ಸಿನ ಔಷಧಿ ಕೊಡಬೇಕಾಯಿತು. ಯಾರಿಗಾಗಿ ಹುಟ್ಟಿತೋ ಅವರಿಗೇ ಅದು ಅಂಜಿ ಅಂಜಿ ಕೊಡುವ ಲಸಿಕೆ ಆಯಿತು.

ಈಗ ನಿಮ್ಮ ಮೈದುನನ ಮಾತು. ಸತ್ತ ಲಸಿಕೆ ನೀರಿಗೆ ಸಮ ಅನ್ನುವವರು ನನಗೆ ವಾರಕ್ಕೊಬ್ಬರು ಸಿಗುತ್ತಾರೆ. ಅವರ ಮಾತಿನಲ್ಲಿ ಒಂದು ಕಾಳಿನಷ್ಟು ನಿಜ ಇದೆ. ಫಾರ್ಮಲಿನ್ನಿನಂಥ ರಾಸಾಯನಿಕದಿಂದ ವೈರಸ್ಸನ್ನು ಕೊಂದು ಮಾಡಿದ ಲಸಿಕೆ ಮೈಯಲ್ಲಿ ಬೆಳೆಯುವುದಿಲ್ಲ. ಹಾಕಿದಷ್ಟೇ ಇರುತ್ತದೆ. ಪ್ರತಿಕಾಯ ಏಳುತ್ತದೆ, ಕೊಲ್ಲುವ ಟಿ ಕಣಗಳು ಅಷ್ಟಾಗಿ ಏಳುವುದಿಲ್ಲ. ಮತ್ತೆ ಮತ್ತೆ ನೆನಪಿಸಬೇಕು. ಮಲೆನಾಡಿನವರಿಗೆ ಇದು ಗೊತ್ತು. ಮಂಗನ ಕಾಯಿಲೆಗೆ ಕೊಡುತ್ತಿದ್ದದ್ದು ಇಂಥದ್ದೇ ಲಸಿಕೆ. ತಿಂಗಳ ಅಂತರದಲ್ಲಿ ಎರಡು ಡೋಸು, ಆರರಿಂದ ಒಂಬತ್ತು ತಿಂಗಳಿಗೆ ಇನ್ನೊಂದು, ಆಮೇಲೂ ವರ್ಷವರ್ಷ. ಜನ ಬೇಸತ್ತರು, ರಕ್ಷಣೆಯೂ ಸಾಲಲಿಲ್ಲ, ಕೊನೆಗೆ ಅದನ್ನು ನಿಲ್ಲಿಸಿದರು.

ಆದರೆ ಅಷ್ಟನ್ನೇ ಹಿಡಿದುಕೊಂಡು ಕೂರುವುದು ತಪ್ಪು. ಸರ್ಪಸುತ್ತಿನ ಕಥೆ ಕೇಳಿ. ಅಮ್ಮನ ವೈರಸ್ಸೇ ನರದಲ್ಲಿ ಅಡಗಿದ್ದು, ಮೈ ಸೋತಾಗ ಸರ್ಪಸುತ್ತಾಗಿ ಹೊರಗೆ ಬರುತ್ತದೆ. ಅದಕ್ಕೆ ಮೊದಲು ಬಂದದ್ದು ಝೋಸ್ಟಾವ್ಯಾಕ್ಸ್ ಅನ್ನುವ ಜೀವಂತ ಲಸಿಕೆ. ಮಕ್ಕಳ ಅಮ್ಮನ ಲಸಿಕೆಯಲ್ಲಿರುವ ವೈರಸ್ಸೇ, ಪ್ರಮಾಣ ಮಾತ್ರ ಹತ್ತು ಪಟ್ಟಿಗೂ ಜಾಸ್ತಿ. 60 ದಾಟಿದವರಲ್ಲಿ ಸರ್ಪಸುತ್ತನ್ನು ಅದು ತಡೆದದ್ದು ಸುಮಾರು ಅರ್ಧದಷ್ಟು. ರೋಗನಿರೋಧಕ ಶಕ್ತಿ ಕುಂದಿದವರಿಗೆ ಕೊಡುವ ಹಾಗೇ ಇರಲಿಲ್ಲ. ಆಮೇಲೆ ಬಂತು ಶಿಂಗ್ರಿಕ್ಸ್. ಇದರಲ್ಲಿ ವೈರಸ್ಸೇ ಇಲ್ಲ. ವೈರಸ್ಸಿನ ಹೊರಮೈಯ ಒಂದು ಪ್ರೋಟೀನು, ಜೊತೆಗೆ ಮೈಯನ್ನು ಬಡಿದೆಬ್ಬಿಸುವ ಒಂದು ಸಹಾಯಕ ವಸ್ತು. 50 ದಾಟಿದ ಆರೋಗ್ಯವಂತರಲ್ಲಿ ಅದು ಶೇಕಡಾ 97ರಷ್ಟು ತಡೆಯಿತು. ಜೀವವೇ ಇಲ್ಲದ್ದು ಜೀವಂತವನ್ನು ಅಷ್ಟು ದೂರ ಹಿಂದೆ ಹಾಕಿತು. 2020ರಲ್ಲಿ ಅಮೆರಿಕದಲ್ಲಿ ಹಳೆಯ ಲಸಿಕೆಯ ಮಾರಾಟವೇ ನಿಂತಿತು.

ಇನ್ನೂ ಮುಖ್ಯವಾದದ್ದು, ಈ ಲಸಿಕೆಯನ್ನು ಕಿಡ್ನಿ ಕಸಿಯಾಗಿ 4ರಿಂದ 18 ತಿಂಗಳಾದವರಿಗೇ ಕೊಟ್ಟು ನೋಡಿದ್ದಾರೆ. ಬಹುಪಾಲು ಜನರಲ್ಲಿ ಪ್ರತಿಕಾಯ ಏರಿತು. ಕಿಡ್ನಿ ತಿರಸ್ಕಾರ ಹೆಚ್ಚಲಿಲ್ಲ. 2023ರಿಂದ ನಮ್ಮ ದೇಶದಲ್ಲೂ ಸಿಗುತ್ತಿದೆ, ಆದರೆ ದುಬಾರಿ. ನಿಮ್ಮ ಯಜಮಾನರಿಗೆ ಚಿಕ್ಕಂದಿನಲ್ಲಿ ಅಮ್ಮ ಬಂದಿತ್ತಾ? ಬಂದಿದ್ದರೆ ಪಕ್ಕದ ಮನೆ ಮಗುವಿನಿಂದ ಹೆದರುವುದು ಕಡಿಮೆ, ಸರ್ಪಸುತ್ತಿನ ಲಸಿಕೆ ಬಗ್ಗೆ ಡಾಕ್ಟರನ್ನು ಕೇಳಿ. ಬಂದಿಲ್ಲದಿದ್ದರೆ ಆ ಲಸಿಕೆ ಅಮ್ಮನನ್ನು ತಡೆಯುವುದಿಲ್ಲ. ಆಗ ಸೋಂಕಿತರ ಹತ್ತಿರ ಹೋದದ್ದು ಗೊತ್ತಾದ ದಿನವೇ ಡಾಕ್ಟರಿಗೆ ಫೋನ್ ಮಾಡಬೇಕು. ಸಿದ್ಧ ಪ್ರತಿಕಾಯದ ಇಂಜೆಕ್ಷನ್ ಇದೆ, ಹತ್ತು ದಿನದೊಳಗೆ, ಆದಷ್ಟು ಬೇಗ ಕೊಡಬೇಕು. ಬೊಕ್ಕೆ ಏಳಲಿ ನೋಡೋಣ ಅಂತ ಕಾಯಬಾರದು.

ಎಂಆರ್‌ಎನ್‌ಎ ಬಗ್ಗೆ ನನಗೆ ನಿಜವಾಗಿಯೂ ಪ್ರೀತಿ ಇದೆ, ಮುಚ್ಚಿಡುವುದಿಲ್ಲ. ನಮ್ಮಲ್ಲಿ ಬಹಳ ಜನ ಹಾಕಿಸಿಕೊಂಡದ್ದು ಕೋವಿಶೀಲ್ಡ್, ಇಲ್ಲವೇ ಸತ್ತ ವೈರಸ್ಸಿನ ಕೋವ್ಯಾಕ್ಸಿನ್. ಎಂಆರ್‌ಎನ್‌ಎ ನಮಗೆ ಅಷ್ಟು ಪರಿಚಯ ಇಲ್ಲ, ಪುಣೆಯ ಜೆನ್ನೋವಾದ ಲಸಿಕೆಗೆ 2022ರಲ್ಲಿ ಒಪ್ಪಿಗೆ ಸಿಕ್ಕಿದ್ದರೂ. ಅದರಲ್ಲಿರುವುದು ಕೊಬ್ಬಿನ ಹನಿಯೊಳಗೆ ಸುತ್ತಿಟ್ಟ ಒಂದು ಚೀಟಿ. ವೈರಸ್ಸಿನ ಒಂದು ಪ್ರೋಟೀನನ್ನು ಹೇಗೆ ಮಾಡಬೇಕು ಅಂತ ಅದರಲ್ಲಿ ಬರೆದಿದೆ. ನಮ್ಮ ಜೀವಕೋಶ ಅದನ್ನು ಓದಿ ಆ ಪ್ರೋಟೀನು ಮಾಡುತ್ತದೆ, ಸ್ವಲ್ಪ ದಿನಕ್ಕೆ ಚೀಟಿ ಹರಿದುಹೋಗುತ್ತದೆ. ನಮ್ಮ ಡಿಎನ್‌ಎ ಇರುವ ಕೋಣೆಗೆ ಅದು ಕಾಲಿಡುವುದೇ ಇಲ್ಲ. ಪ್ರೋಟೀನು ಕೋಶದೊಳಗೇ ತಯಾರಾಗುವುದರಿಂದ ಜೀವಂತ ಲಸಿಕೆಯ ಹಾಗೆ ಟಿ ಕಣಗಳೂ ಏಳುತ್ತವೆ. ಆದರೆ ಬೆಳೆಯಲು ಅಲ್ಲಿ ವೈರಸ್ಸೇ ಇಲ್ಲ. ಜೀವಂತದ ಒಳ್ಳೆಯ ಗುಣ ಬಂತು, ಅದರ ಭಯ ಬರಲಿಲ್ಲ. ಹೃದಯದ ಸ್ನಾಯು ಊದುವ ತೊಂದರೆ ಅಪರೂಪಕ್ಕೆ ಆಗಿದೆ, ಅದೂ ಜಾಸ್ತಿ ಹರೆಯದ ಹುಡುಗರಲ್ಲಿ, ಎರಡನೇ ಡೋಸಿನ ಕೆಲವೇ ದಿನಗಳಲ್ಲಿ. ಹಾಕಿಸಿಕೊಂಡ ಮೇಲೆ ಎದೆನೋವು ಬಂದರೆ ತೋರಿಸಬೇಕು.

ಅಪಾಯ ಇಲ್ಲ ಅಂದರೆ ರಕ್ಷಣೆ ಪೂರ್ತಿ ಅಂತಲ್ಲ. ಫ್ರಾನ್ಸಿನ ಟುಲೂಸಿನಲ್ಲಿ ಅಂಗಾಂಗ ಕಸಿಯಾದ 101 ಜನರಿಗೆ ಎಂಆರ್‌ಎನ್‌ಎ ಕೋವಿಡ್ ಲಸಿಕೆಯ ಮೂರು ಡೋಸು ಕೊಟ್ಟು ರಕ್ತ ನೋಡಿದರು. ಒಂದು ಡೋಸಿನ ನಂತರ ಪ್ರತಿಕಾಯ ಕಂಡದ್ದು ನೂರಕ್ಕೆ 4 ಜನರಲ್ಲಿ. ಎರಡಾದ ಮೇಲೆ 40. ಮೂರಾದ ಮೇಲೆ 68. ಆರೋಗ್ಯವಂತರಲ್ಲಿ ಎರಡಕ್ಕೇ ಹೆಚ್ಚುಕಡಿಮೆ ಎಲ್ಲರಿಗೂ ಬರುತ್ತದೆ. ನಿಮ್ಮ ಮೈದುನ ಇದನ್ನು ಓದಿದರೆ "ನೋಡಿ, ಮೊದಲ ಡೋಸು ದಂಡ" ಅನ್ನಬಹುದು. ನಾನು ಓದುವುದು ಬೇರೆ ಥರ. ಔಷಧಿ ಕಟ್ಟಿಹಾಕಿದ ಮೈ ನಿಧಾನವಾಗಿ ಕಲಿಯುತ್ತದೆ, ಪಾಠ ಇನ್ನೊಮ್ಮೆ ಹೇಳಬೇಕು. ಹೀಗೆ ಮೈ ಮಂಕಾಗಲು ಮೈಕೊಫಿನೊಲೇಟಿನ ಪಾಲು ದೊಡ್ಡದು. ಹಾಗಂತ ಲಸಿಕೆಗಾಗಿ ಆ ಮಾತ್ರೆಯನ್ನು ನೀವಾಗಿ ನಿಲ್ಲಿಸಬಾರದು. ಕಿಡ್ನಿ ಹೋದೀತು. ರಕ್ತದಲ್ಲಿ ಪ್ರತಿಕಾಯ ಇಲ್ಲ ಅಂತ ವರದಿ ಬಂದರೂ ಎದೆ ಒಡೆದುಕೊಳ್ಳಬೇಡಿ. ಆ ಪರೀಕ್ಷೆ ಟಿ ಕಣಗಳನ್ನು ಎಣಿಸುವುದಿಲ್ಲ.

ಈಗ ನನ್ನ ಹೊಟ್ಟೆಯೊಳಗಿನ ಸಂಕಟ ಹೇಳಿಬಿಡುತ್ತೇನೆ. ನನ್ನ ಅಕ್ಕನಿಗೂ ಕಿಡ್ನಿ ಕಸಿ ಆಗಿತ್ತು. ಅದಕ್ಕೆ ಮೊದಲು ಹದಿನಾಲ್ಕು ತಿಂಗಳು ಡಯಾಲಿಸಿಸ್. ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲೇ ಇದ್ದಳು. ಹದಿನಾಲ್ಕು ತಿಂಗಳಲ್ಲಿ ಒಬ್ಬರಾದರೂ "ನಿಮಗೆ ಅಮ್ಮ ಬಂದಿತ್ತಾ" ಅಂತ ಕೇಳಲಿಲ್ಲ. ನಮ್ಮಂಥ ಬಿಸಿ ದೇಶಗಳಲ್ಲಿ ದೊಡ್ಡವರಾಗುವವರೆಗೂ ಅಮ್ಮ ಬಾರದವರು ಬಹಳ ಜನ. ಅಕ್ಕನಿಗೂ ಬಂದಿರಲಿಲ್ಲ. ಕಸಿಯಾದ ಎರಡನೇ ವರ್ಷ ಬಾಡಿಗೆ ಮನೆಯವರ ಮಗುವಿನಿಂದ ಹತ್ತಿತು. ಮೂರು ವಾರ ಆಸ್ಪತ್ರೆ. ಬದುಕಿದಳು, ಮುಖದ ಕಲೆ ಇವತ್ತಿಗೂ ಇದೆ.

ಆ ಹದಿನಾಲ್ಕು ತಿಂಗಳಲ್ಲಿ ಏನು ಮಾಡಬಹುದಿತ್ತು ಗೊತ್ತಾ? ಒಂದು ರಕ್ತಪರೀಕ್ಷೆ. ಅಮ್ಮನ ವಿರುದ್ಧ ಪ್ರತಿಕಾಯ ಇಲ್ಲ ಅಂತ ಬಂದರೆ, ನಾಲ್ಕರಿಂದ ಎಂಟು ವಾರದ ಅಂತರದಲ್ಲಿ ಎರಡು ಡೋಸು ಜೀವಂತ ಲಸಿಕೆ. ಕೊನೆಯ ಡೋಸಿಗೂ ಕಸಿಗೂ ನಡುವೆ ಕನಿಷ್ಠ ನಾಲ್ಕು ವಾರ. ಕಿಡ್ನಿ ಸೋತಿದ್ದರೂ ಆಗಿನ್ನೂ ಕಸಿಯ ಮಾತ್ರೆ ಶುರುವಾಗಿರುವುದಿಲ್ಲ, ವೈರಸ್ಸನ್ನು ನಿಲ್ಲಿಸುವ ಶಕ್ತಿ ಮೈಗೆ ಇರುತ್ತದೆ. ಕಸಿಯಾದ ಮೇಲೆ ಆ ಬಾಗಿಲು ಮುಚ್ಚುತ್ತದೆ. ಹೆಪಟೈಟಿಸ್ ಬಿ ಲಸಿಕೆ ಜೀವಂತದ್ದಲ್ಲದಿದ್ದರೂ ಅದನ್ನೂ ಕಸಿಗೆ ಮೊದಲೇ ಹಾಕಿಸುವುದು ಒಳ್ಳೆಯದು. ಡಯಾಲಿಸಿಸ್ ಮೇಲಿರುವ ದೊಡ್ಡವರಿಗೆ ಸಾಮಾನ್ಯಕ್ಕಿಂತ ಎರಡು ಪಟ್ಟು, ಅಂದರೆ 40 ಮೈಕ್ರೊಗ್ರಾಮ್ ಕೊಡುತ್ತಾರೆ. ಆಮೇಲೆ ರಕ್ತದಲ್ಲಿ ಪ್ರತಿಕಾಯ 10 ಯೂನಿಟ್ ದಾಟಿದೆಯಾ ಅಂತ ನೋಡಬೇಕು. ಡೋಸು ಕೊಟ್ಟವರು ಇರುತ್ತಾರೆ, ಅಳೆದು ನೋಡುವವರು ಇರುವುದಿಲ್ಲ. ಮಗುವಿಗೆ ತಾಯಿ ಕಾರ್ಡು ಇದೆ. ಐವತ್ತು ವರ್ಷದವರಿಗೆ ಅಂಥ ಒಂದು ಹಾಳೆ ಯಾಕಿಲ್ಲ? ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಬರೆಯುವಾಗ, ಕ್ಯಾನ್ಸರಿಗೆ ಕೀಮೊ ಶುರು ಮಾಡುವಾಗ, ಯಾವ ಲಸಿಕೆ ಆಗಿದೆ ಅಂತ ಕೇಳಲು ಎರಡು ನಿಮಿಷ ಸಾಕಲ್ವಾ?

ನಿಮ್ಮ ಮೊಮ್ಮಗನ ಲಸಿಕೆ ಖಂಡಿತ ನಿಲ್ಲಿಸಬೇಡಿ. ತಾತನ ಸುತ್ತ ಇರುವವರಿಗೆ ರೋಗ ಬಾರದಿದ್ದರೆ ಅದೇ ತಾತನಿಗೆ ಕೋಟೆ. ದಡಾರದ ಲಸಿಕೆ ಹಾಕಿಸಿ, ಅದು ಮಗುವಿನಿಂದ ತಾತನಿಗೆ ದಾಟುವುದಿಲ್ಲ. ಅಮ್ಮನ ಲಸಿಕೆಯನ್ನೂ ಹಾಕಿಸಿ. ಆಮೇಲೆ ಮಗುವಿನ ಮೈಮೇಲೆ ಬೊಕ್ಕೆ ಕಂಡರೆ ಮಾತ್ರ ಅವು ಒಣಗುವವರೆಗೆ ತಾತ ಎತ್ತಿಕೊಳ್ಳುವುದು ಬೇಡ. ನೀವೂ ಮಗ ಸೊಸೆಯೂ ವರ್ಷಕ್ಕೊಮ್ಮೆ ಫ್ಲೂ ಇಂಜೆಕ್ಷನ್ ತೆಗೆದುಕೊಳ್ಳಿ.

ಪೋಲಿಯೊ ಹನಿಯ ವಿಷಯ ಬೇರೆ. ಆ ವೈರಸ್ಸು ಹಾಕಿದ ಮಗುವಿನ ಮಲದಲ್ಲಿ ಕೆಲವು ವಾರ ಹೊರಗೆ ಬರುತ್ತದೆ. ಆದ್ದರಿಂದ ಮುಂದಿನ ಪಲ್ಸ್ ಪೋಲಿಯೊ ಭಾನುವಾರಕ್ಕೆ ಮೊದಲೇ ಮಕ್ಕಳ ಡಾಕ್ಟರ ಹತ್ತಿರ ಹೋಗಿ, "ಮನೆಯಲ್ಲಿ ಕಿಡ್ನಿ ಕಸಿಯಾದವರಿದ್ದಾರೆ, ಹನಿ ಬದಲು ಇಂಜೆಕ್ಷನ್ನಿನ ಪೋಲಿಯೊ ಕೊಡಬಹುದಾ" ಅಂತ ಕೇಳಿ. ಈಗಾಗಲೇ ಹನಿ ಹಾಕಿಸಿದ್ದರೆ ಗಾಬರಿ ಬೇಡ. ಒಂದೂವರೆ ತಿಂಗಳು ಮಗುವಿನ ಬಟ್ಟೆ ಬದಲಿಸುವ ಕೆಲಸ ತಾತನಿಗೆ ಬೇಡ, ಬದಲಿಸಿದವರು ಸೋಪು ಹಚ್ಚಿ ಕೈ ತೊಳೆಯಲಿ. ಮೊಮ್ಮಗನನ್ನು ತೊಡೆಮೇಲೆ ಕೂರಿಸಿಕೊಂಡು ಕಥೆ ಹೇಳಲು ಏನೂ ಅಡ್ಡಿಯಿಲ್ಲ.