ಟೇಪ್ ಕಿತ್ತ ಮೇಲೂ ಉಳಿಯುವುದನ್ನು ಬರೆಯಿರಿ

ಪ್ರಶ್ನೆ: ನಾನು ಲೋಹದ ಶೀಟ್ ಒತ್ತಿ ಪೀಸ್ ಮಾಡುವ ಪ್ರೆಸ್ ಶಾಪ್‌ನಲ್ಲಿ ಪೀಸ್ ಚೆಕ್ ಮಾಡುವ ಕೆಲಸದಲ್ಲಿದ್ದೇನೆ. ನೈಟ್ ಶಿಫ್ಟ್‌ನಲ್ಲಿ ಒಂದು ಪ್ರೆಸ್‌ನ ಎರಡು ಬಟನ್‌ಗಳಲ್ಲಿ ಒಂದನ್ನು ಟೇಪ್ ಸುತ್ತಿ ಒತ್ತಿಟ್ಟಿರುತ್ತಾರೆ. ಒಂದು ಕೈ ಬಟನ್ ಮೇಲೆ, ಇನ್ನೊಂದು ಕೈ ಶೀಟ್ ಒತ್ತುವ ಅಚ್ಚು, ಅಂದರೆ ಡೈ ಹತ್ತಿರ. ಅದನ್ನು ಓಡಿಸುವವನು ನನ್ನ ಗೆಳೆಯ. ಸೂಪರ್‌ವೈಸರ್‌ಗೆ ಹೇಳಿದೆ, "ನಿನ್ನ ಕೆಲಸ ನೀನು ನೋಡು" ಅಂದರು. ಹೆಸರು ಹಾಕದೆ ದೂರು ಬರೆಯೋಣ ಅಂದುಕೊಂಡಿದ್ದೇನೆ. ಜಾಸ್ತಿ ವಿವರ ಕೊಟ್ಟರೆ ನಾನೇ ಅಂತ ಗೊತ್ತಾಗುತ್ತದೆ, ಕಡಿಮೆ ಕೊಟ್ಟರೆ ಯಾರೂ ಏನೂ ಮಾಡುವುದಿಲ್ಲ. ಗೆಳೆಯನ ಕೆಲಸ ಹೋದರೆ? ಇಷ್ಟಕ್ಕೂ ಇದುವರೆಗೆ ಯಾರಿಗೂ ಏನೂ ಆಗಿಲ್ಲ.
— ಹೆಸರು ಬೇಡ

ಉತ್ತರ: ಬರೆಯಿರಿ. ಈ ವಾರವೇ ಬರೆಯಿರಿ.

ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಏನೂ ಆಗಿಲ್ಲದಿರುವುದೇ ನಿಮ್ಮ ಗೆಳೆಯನಿಗೆ ಈಗ ಇರುವ ದೊಡ್ಡ ಅನುಕೂಲ. ಪ್ರೆಸ್ ಶಾಪ್‌ಗಳ ಸುರಕ್ಷತೆ ನೋಡುವ ಕೆಲಸದಲ್ಲಿ ನಾನು ಬಹಳ ವರ್ಷ ಇದ್ದೆ. ಬೆರಳು ಹೋದ ಮೇಲೆ ಮೊದಲು ಮಾಯವಾಗುವುದು ಆ ಟೇಪ್. ಆಮೇಲೆ ಯಾರೂ ಅದನ್ನು ಕಂಡಿಲ್ಲ. "ಅವನೇ ಅಜಾಗರೂಕತೆಯಿಂದ ಕೈ ಹಾಕಿದ" ಅಂತ ಕಾಗದದಲ್ಲಿ ಬರುತ್ತದೆ. ಅಂದರೆ ಪೆಟ್ಟೂ ಅವನಿಗೇ, ತಪ್ಪೂ ಅವನದೇ. ಇವತ್ತು ಬರೆದರೆ ಮಾತು ಯಂತ್ರದ ಬಗ್ಗೆ ಮಾತ್ರ ನಡೆಯುತ್ತದೆ.

ಆ ಎರಡು ಬಟನ್ ಯಾಕಿವೆ ಅಂತ ಸ್ವಲ್ಪ ಹೇಳಲೇಬೇಕು, ನಿಮ್ಮ ದೂರಿನ ಜೀವ ಅದರಲ್ಲೇ ಇದೆ. ಎರಡೂ ಕೈ ಬಟನ್ ಮೇಲಿದ್ದರೆ ಡೈ ಒಳಗೆ ಕೈ ಇರುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಬಟನ್‌ಗಳನ್ನು ಎಷ್ಟು ದೂರ ಇಟ್ಟಿದ್ದಾರೆ ಅನ್ನುವುದರ ಹಿಂದೆ ಒಂದು ಲೆಕ್ಕವೂ ಇದೆ. ಮಾನದಂಡಗಳಲ್ಲಿ ಕೈ ಓಡುವ ವೇಗವನ್ನು ಸೆಕೆಂಡಿಗೆ 1.6 ಮೀಟರ್ ಅಂತ ಹಿಡಿಯುತ್ತಾರೆ. ಬಟನ್ ಬಿಟ್ಟ ಮೇಲೆ ಪ್ರೆಸ್ ನಿಲ್ಲಲು ಕಾಲು ಸೆಕೆಂಡ್ ಬೇಕು ಅಂದುಕೊಳ್ಳಿ. ಅಷ್ಟರಲ್ಲಿ ಕೈ 40 ಸೆಂಟಿಮೀಟರ್ ಹೋಗಿಬಿಡುತ್ತದೆ. ಹಾಗಾಗಿ ಬಟನ್ ಡೈನಿಂದ ಕನಿಷ್ಠ ಅಷ್ಟು ದೂರ ಇರಬೇಕು. ಒಂದು ಬಟನ್‌ಗೆ ಟೇಪ್ ಬಿದ್ದ ಕ್ಷಣ ಈ ಲೆಕ್ಕ ಮುರಿದುಬೀಳುತ್ತದೆ. ಕೈ ಓಡಬೇಕಾಗೇ ಇಲ್ಲ, ಅದು ಆಗಲೇ ಅಲ್ಲಿರುತ್ತದೆ.

ಇನ್ನೊಂದು ವಿಷಯ ನಿಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ. ಸರಿಯಾಗಿ ಮಾಡಿದ ಎರಡು ಕೈ ಕಂಟ್ರೋಲ್‌ಗೆ ಟೇಪ್ ಹಾಕಿದರೆ ಪ್ರೆಸ್ ಓಡುವುದೇ ಇಲ್ಲ. ಎರಡು ಬಟನ್‌ಗಳನ್ನೂ ಅರ್ಧ ಸೆಕೆಂಡಿನ ಒಳಗೆ ಜೊತೆಯಾಗಿ ಒತ್ತಬೇಕು. ಮುಂದಿನ ಸ್ಟ್ರೋಕ್‌ಗೆ ಮೊದಲು ಎರಡನ್ನೂ ಬಿಡಬೇಕು. ಒಂದು ಒತ್ತಿಕೊಂಡೇ ಇದ್ದರೆ ಕಂಟ್ರೋಲ್ ಒಪ್ಪುವುದಿಲ್ಲ. ನಿಮ್ಮಲ್ಲಿ ಟೇಪ್ ಹಾಕಿಯೂ ಪ್ರೆಸ್ ಓಡುತ್ತಿದೆ ಅಂದರೆ ಕಂಟ್ರೋಲ್ ಹಳೆಯದಾಗಿರಬೇಕು, ಕೆಟ್ಟಿರಬೇಕು, ಇಲ್ಲವೇ ಪ್ಯಾನಲ್ ಒಳಗೆ ಯಾರೋ ಕೈ ಆಡಿಸಿರಬೇಕು. ಯಾವುದೇ ಆದರೂ ಟೇಪ್ ಬರೀ ಹೊರಗೆ ಕಾಣುವ ತುದಿ.

ಇದರಿಂದ ನಿಮಗೇನು ಉಪಯೋಗ ಅಂದರೆ, ಟೇಪ್ ಕೀಳಲು ಐದು ಸೆಕೆಂಡ್ ಸಾಕು. ಇನ್‌ಸ್ಪೆಕ್ಟರ್ ಗೇಟಿನಲ್ಲಿ ಸಹಿ ಹಾಕುವಷ್ಟರಲ್ಲಿ ಅದು ಕಸದ ಡಬ್ಬಿ ಸೇರಿರುತ್ತದೆ. ಪ್ಯಾನಲ್ ಒಳಗಿನ ವೈರಿಂಗ್ ಅಷ್ಟು ಬೇಗ ಸರಿಹೋಗುವುದಿಲ್ಲ. ಟೇಪ್ ಬಗ್ಗೆ ಮಾತ್ರ ಬರೆದ ದೂರು ಟೇಪ್ ಜೊತೆಯೇ ಸಾಯುತ್ತದೆ. ಅದಕ್ಕೇ ಟೇಪ್ ಹೋದ ಮೇಲೂ ಉಳಿಯುವುದನ್ನು ಬರೆಯಿರಿ.

ಒಮ್ಮೆ ನನ್ನ ಕೈಗೆ ಎರಡು ಪುಟದ ಕಾಗದ ಬಂದಿತ್ತು. ಅಲ್ಲಿ ಜೀವಕ್ಕೆ ಬೆಲೆ ಇಲ್ಲ, ದಯವಿಟ್ಟು ಕಣ್ಣು ಬಿಡಿ ಅಂತ ಬಹಳ ನೊಂದು ಬರೆದಿದ್ದರು. ಯಾವ ಯಂತ್ರ ಅಂತ ಎಲ್ಲೂ ಇರಲಿಲ್ಲ. ಆ ಶೆಡ್‌ನಲ್ಲಿ ಮೂವತ್ತಕ್ಕೂ ಜಾಸ್ತಿ ಪ್ರೆಸ್ ಇದ್ದವು. ನಾವು ಹೋದದ್ದು ಹಗಲಿನಲ್ಲಿ, ಎಲ್ಲವೂ ಅಚ್ಚುಕಟ್ಟಾಗಿ ಓಡುತ್ತಿದ್ದವು. ಬರಿಗೈಯಲ್ಲಿ ವಾಪಸ್ ಬಂದೆವು. ಬರೆದವರ ನೋವು ಸುಳ್ಳಲ್ಲ ಅಂತ ನನಗೆ ಆಗಲೂ ಗೊತ್ತಿತ್ತು. ಅದು ಈಗಲೂ ನನ್ನನ್ನು ಕಾಡುತ್ತದೆ.

ವಿವರ ಜಾಸ್ತಿಯಾದರೆ ಸಿಕ್ಕಿಬೀಳುತ್ತೇನೆ ಅನ್ನುವ ನಿಮ್ಮ ಭಯ ಅರ್ಧ ಮಾತ್ರ ನಿಜ. ವಿವರಗಳಲ್ಲಿ ಎರಡು ಜಾತಿ ಇವೆ. ಯಂತ್ರದ ಬಗ್ಗೆ ಎಷ್ಟು ಹೇಳಿದರೂ ಅದು ನಿಮ್ಮನ್ನು ತೋರಿಸುವುದಿಲ್ಲ. ಪ್ರೆಸ್ ನಂಬರ್, ಅದು ಯಾವ ಸಾಲಿನಲ್ಲಿದೆ, ಎಷ್ಟು ಹೊತ್ತಿಗೆ ಟೇಪ್ ಬೀಳುತ್ತದೆ, ಇವೆಲ್ಲ ಆ ಶೆಡ್‌ನಲ್ಲಿ ಓಡಾಡುವ ಎಲ್ಲರಿಗೂ ಗೊತ್ತಿರುವ ಸಂಗತಿ. ನಿಮ್ಮನ್ನು ಹಿಡಿದುಕೊಡುವುದು ನೀವು ಒಬ್ಬರೇ ಬಲ್ಲ ಮಾತುಗಳು. ಸೂಪರ್‌ವೈಸರ್ ಜೊತೆ ಆದ ಮಾತುಕತೆ, ನೀವು ನಿಂತ ಜಾಗ, ನೀವು ಮಾತ್ರ ನೋಡುವ ರಿಜೆಕ್ಷನ್ ಲೆಕ್ಕ. "ಹೇಳಿದರೂ ಕೇಳಲಿಲ್ಲ" ಅಂತ ಬರೆಯಲು ಕೈ ತುರಿಸುತ್ತದೆ, ನನಗೆ ಅರ್ಥವಾಗುತ್ತದೆ. ಆ ಒಂದು ಸಾಲು ಬೇಡ. ಅದು ನಿಮ್ಮ ಸಹಿ ಇದ್ದ ಹಾಗೆ.

ನಿಮ್ಮ ಕಾಗದ ಹೀಗಿದ್ದರೆ ಸಾಕು. ಕಾರ್ಖಾನೆಯ ಹೆಸರು, ವಿಳಾಸ ಮೇಲೆ ಬರೆದುಕೊಳ್ಳಿ. ಅಂಕಿಗಳನ್ನು ನಾನು ಮಾದರಿಗೆ ಹಾಕಿದ್ದೇನೆ, ನೀವು ಕಂಡದ್ದನ್ನು ಹಾಕಿ.

"ಪ್ರೆಸ್ ಶಾಪ್, ಎರಡನೇ ಸಾಲು, ಗೋಡೆಯ ಕಡೆಯಿಂದ ಮೂರನೆಯದು, ಪ್ರೆಸ್ ನಂಬರ್ 7. ನೈಟ್ ಶಿಫ್ಟ್‌ನಲ್ಲಿ ಸುಮಾರು 12ರಿಂದ 4 ಗಂಟೆವರೆಗೆ ಎಡಗಡೆಯ ಬಟನ್‌ಗೆ ಟೇಪ್ ಸುತ್ತಿ ಒತ್ತಿಟ್ಟಿರುತ್ತಾರೆ. ಬಲಗಡೆಯ ಬಟನ್ ಒಂದರಿಂದಲೇ ಪ್ರೆಸ್ ಓಡುತ್ತದೆ. ಶೀಟ್‌ ಅನ್ನು ಬರಿಗೈಯಿಂದ ಡೈಗೆ ಇಡುತ್ತಾರೆ. ಕಳೆದ ಎರಡು ವಾರದಲ್ಲಿ ಕನಿಷ್ಠ ಆರು ರಾತ್ರಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಯಾವ ಆಪರೇಟರ್ ಇದ್ದರೂ ಹೀಗೇ ನಡೆಯುತ್ತದೆ. ಬೋರ್ಡಿನಲ್ಲಿ ಬರೆಯುವ ಲೆಕ್ಕದ ಪ್ರಕಾರ ಈ ಪ್ರೆಸ್‌ನಲ್ಲಿ ಹಗಲು ಗಂಟೆಗೆ ಸುಮಾರು 300 ಪೀಸ್, ರಾತ್ರಿ 400. ನೀವು ಬಂದಾಗ ಟೇಪ್ ಇಲ್ಲದಿರಬಹುದು. ದಯವಿಟ್ಟು ಒಂದು ಬಟನ್ ಒತ್ತಿ ಹಿಡಿದು, ಎರಡು ಸೆಕೆಂಡ್ ಬಿಟ್ಟು ಇನ್ನೊಂದನ್ನು ಒತ್ತಿಸಿ ನೋಡಿ. ಪ್ಯಾನಲ್ ತೆರೆಸಿ ಬಟನ್‌ಗಳ ವೈರಿಂಗ್ ನೋಡಿ. ಎಡ ಬಟನ್ ಸುತ್ತ ಟೇಪಿನ ಅಂಟು ಉಳಿದಿದೆ. ಹಗಲು, ರಾತ್ರಿಯ ಪೀಸ್ ಲೆಕ್ಕ ಹೋಲಿಸಿ ನೋಡಿ."

ಇದರಲ್ಲಿ ಯಾರ ಹೆಸರೂ ಇಲ್ಲ, ಬೈಗುಳವೂ ಇಲ್ಲ. ಆದರೆ ಬಂದವರು ನೇರ ಏಳನೇ ಪ್ರೆಸ್‌ಗೆ ನಡೆದು ಹೋಗಬಹುದು. ಎರಡು ಸೆಕೆಂಡಿನ ಪರೀಕ್ಷೆಯಲ್ಲಿ ಪ್ರೆಸ್ ಇಳಿದರೆ ಅಲ್ಲಿಗೆ ವಾದ ಮುಗಿಯಿತು, ಟೇಪ್ ಇರಲಿ ಇಲ್ಲದಿರಲಿ. ಆ ಪರೀಕ್ಷೆಯನ್ನು ನೀವು ಮಾತ್ರ ಮಾಡಬೇಡಿ, ಪ್ಯಾನಲ್ ಮುಟ್ಟಲೇಬೇಡಿ. "ವೈರ್ ಬದಲಿಸಿದ್ದಾರೆ" ಅಂತಲೂ ಬರೆಯಬೇಡಿ, ಅದನ್ನು ನೀವು ಕಂಡಿಲ್ಲ ಅಲ್ವಾ? ಕಂಡದ್ದನ್ನು ಕಂಡದ್ದು ಅಂತ, ಕೇಳಿದ್ದನ್ನು ಕೇಳಿದ್ದು ಅಂತ ಬೇರೆ ಮಾಡಿ ಬರೆಯಿರಿ. ಒಂದು ಮಾತು ಸುಳ್ಳಾದರೆ ಉಳಿದ ನಿಜಗಳ ಮೇಲೂ ಅನುಮಾನ ಬರುತ್ತದೆ. "ಯಾವ ಆಪರೇಟರ್ ಇದ್ದರೂ" ಅನ್ನುವ ಸಾಲನ್ನೂ ನಿಜವಾದರೆ ಮಾತ್ರ ಉಳಿಸಿಕೊಳ್ಳಿ. ನಿಜವಾಗಿದ್ದರೆ ನಿಮ್ಮ ಗೆಳೆಯನನ್ನು ಕಾಯುವ ಸಾಲು ಅದೇ. ಇದು ಒಬ್ಬನ ಚಾಳಿಯಲ್ಲ, ಅಲ್ಲಿಯ ಪದ್ಧತಿ ಅಂತ ಅದು ಹೇಳುತ್ತದೆ. ಪೀಸ್ ಲೆಕ್ಕವೂ ಅದಕ್ಕೇ. ಟಾರ್ಗೆಟ್ ಕೊಟ್ಟವರು ಯಾರು ಅನ್ನುವ ಪ್ರಶ್ನೆ ಅಲ್ಲಿಂದ ತಾನಾಗಿ ಏಳುತ್ತದೆ. ಅವನ ಕೆಲಸಕ್ಕೆ ಏನೂ ಆಗುವುದಿಲ್ಲ ಅಂತ ನಾನು ಮಾತು ಕೊಡಲಾರೆ. ಅಪಘಾತದ ನಂತರಕ್ಕಿಂತ ಈಗ ಅವನು ಉಳಿಯುವ ಸಾಧ್ಯತೆ ಎಷ್ಟೋ ಜಾಸ್ತಿ ಅಂತ ಮಾತ್ರ ಧೈರ್ಯವಾಗಿ ಹೇಳುತ್ತೇನೆ.

ಫೋಟೋ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬೇಡ. ಯಾವ ಮೂಲೆಯಿಂದ ತೆಗೆದದ್ದು ಅಂತ ನೋಡಿದ ಕೂಡಲೇ ಯಾರು ನಿಂತಿದ್ದರು ಅಂತ ಗೊತ್ತಾಗುತ್ತದೆ. ಫೋನಿನ ಫೋಟೋದೊಳಗೆ ತೆಗೆದ ಸಮಯ, ಫೋನಿನ ಮಾದರಿ, ಕೆಲವೊಮ್ಮೆ ಜಾಗವೂ ಸೇರಿಕೊಂಡಿರುತ್ತದೆ. ಕೆಲಸದ ಜಾಗದ ಕಂಪ್ಯೂಟರ್, ಪ್ರಿಂಟರ್, ವೈಫೈ ಯಾವುದನ್ನೂ ಬಳಸಬೇಡಿ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ನೀವು ಸೂಪರ್‌ವೈಸರ್‌ಗೆ ಆಗಲೇ ಹೇಳಿದ್ದೀರಿ. ಇನ್‌ಸ್ಪೆಕ್ಟರ್ ಬಂದು ಏಳನೇ ಪ್ರೆಸ್ ಮುಂದೆ ನಿಂತರೆ ಅವರ ತಲೆಗೆ ಮೊದಲು ಬರುವುದು ನಿಮ್ಮ ಮುಖ. ಕಾಗದದಲ್ಲಿ ಏನೇ ಮರೆಮಾಚಿದರೂ ಇದು ತಪ್ಪುವುದಿಲ್ಲ. ಹೀಗಿರುವಾಗ ಪೂರ್ತಿ ಹೆಸರಿಲ್ಲದ ದೂರಿನಿಂದ ನಿಮಗೆ ಸಿಗುವ ರಕ್ಷಣೆ ಕಡಿಮೆ, ಕಳೆದುಕೊಳ್ಳುವುದು ಜಾಸ್ತಿ. ಹೆಸರಿಲ್ಲದ ದೂರನ್ನು ಪಕ್ಕಕ್ಕೆ ಇಡುವ ಕಚೇರಿಗಳೂ ಇವೆ. ಓದಿದವರಿಗೆ ಒಂದು ಅನುಮಾನ ಬಂದರೆ ವಾಪಸ್ ಕೇಳಲು ದಾರಿ ಇರುವುದಿಲ್ಲ.

ಆದ್ದರಿಂದ ನನ್ನ ಸಲಹೆ ಇದು. ಕಾರ್ಖಾನೆಗಳ ತಪಾಸಣೆ ಮಾಡುವ ಸರ್ಕಾರಿ ಕಚೇರಿಗೆ ಹೆಸರು ಕೊಡಿ, ಗುಟ್ಟಾಗಿಡಿ ಅಂತ ಕೇಳಿ. ಇದು ಅವರ ಕೃಪೆಯ ಮೇಲೆ ನಿಂತ ಮಾತಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1947ರ 81ನೇ ಒಪ್ಪಂದದ 15ನೇ ವಿಧಿ ಇದನ್ನೇ ಹೇಳುತ್ತದೆ. ದೂರು ಎಲ್ಲಿಂದ ಬಂತು ಅಂತ ಇನ್‌ಸ್ಪೆಕ್ಟರ್ ಯಾರಿಗೂ ಹೇಳಬಾರದು. ದೂರು ಬಂದದ್ದಕ್ಕೇ ತಪಾಸಣೆಗೆ ಬಂದೆ ಅಂತ ಮಾಲೀಕರಿಗೆ ಸುಳಿವನ್ನೂ ಕೊಡಬಾರದು. ಇದನ್ನು ಒಪ್ಪಿಕೊಂಡ ದೇಶಗಳ ಕಾನೂನಿನಲ್ಲಿ ಕೆಲವು ವಿನಾಯಿತಿ ಇರಬಹುದು. ಅದಕ್ಕೆ ಹೆಸರು ಕೊಡುವ ಮೊದಲೇ ಫೋನ್ ಮಾಡಿ ಕೇಳಿ: "ನನ್ನ ಹೆಸರು ಫೈಲಿನಲ್ಲಿ ಇರುತ್ತದೆಯೇ? ಅದನ್ನು ಯಾರು ಯಾರು ನೋಡುತ್ತಾರೆ?" ಉತ್ತರ ತಡವರಿಸಿದರೆ ಹೆಸರು ಬೇಡ, ಮೇಲಿನ ಕಾಗದವನ್ನೇ ಕಳಿಸಿ. ಇನ್ನೊಂದು ವಿನಂತಿಯನ್ನೂ ಮಾಡಬಹುದು. ಒಂದೇ ಪ್ರೆಸ್ ಮುಂದೆ ನಿಲ್ಲದೆ ಆ ಸಾಲಿನ ಎಲ್ಲ ಪ್ರೆಸ್‌ಗಳ ಬಟನ್ ಪರೀಕ್ಷೆ ಮಾಡಿ ಅಂತ ಕೇಳಿ. ನಾವು ಹಾಗೇ ಮಾಡುತ್ತಿದ್ದೆವು. ಬೆರಳು ಯಾವ ಪ್ರೆಸ್ ಕಡೆ ತೋರಿಸಿತ್ತು ಅಂತ ಆಗ ಯಾರಿಗೂ ಗೊತ್ತಾಗುವುದಿಲ್ಲ. ಎಷ್ಟೋ ಸಲ ಎರಡನೆಯದೂ ಸಿಗುತ್ತಿತ್ತು.

ಕಳಿಸಿದ ತಾರೀಖು, ದೂರಿನ ನಂಬರ್ ಮನೆಯಲ್ಲಿ ಬರೆದಿಟ್ಟುಕೊಳ್ಳಿ. ಕೆಲಸ ಆಗಿದೆಯೋ ಇಲ್ಲವೋ ತಿಳಿಯಲು ಹೊಸ ಬಟನ್ ಬಂತಾ, ಬಟನ್ ಸುತ್ತ ಕವಚ ಬಂತಾ ಅಂತ ನೋಡಬೇಡಿ. ರಾತ್ರಿಯ ಪೀಸ್ ಲೆಕ್ಕ ನೋಡಿ. ಅದು ಹಗಲಿನ ಹತ್ತಿರಕ್ಕೆ ಇಳಿದಿದ್ದರೆ ಬಹುಶಃ ಎರಡೂ ಕೈ ಬಟನ್ ಮೇಲಿವೆ. ಇನ್ನೂ 400ರಲ್ಲೇ ಇದ್ದರೆ ಅನುಮಾನ ಪಡಿ, ಟೇಪ್ ಮತ್ತೆ ಕಂಡರೆ ಹಳೆಯ ನಂಬರ್ ಹಾಕಿ ಎರಡನೇ ಕಾಗದ ಬರೆಯಿರಿ.

ಅವರು ಬರುವವರೆಗಿನ ರಾತ್ರಿಗಳ ಮಾತು ಉಳಿಯಿತು. ದೂರಿನ ಸುದ್ದಿ ಗೆಳೆಯನಿಗೆ ಹೇಳಬೇಡಿ. ಯಾರಾದರೂ ಕೇಳಿದಾಗ ಅವನಿಗೆ ಗೊತ್ತಿಲ್ಲ ಅನ್ನುವುದು ನಿಜವಾಗಿರಲಿ. ಟೇಪ್ ಕಿತ್ತು ಓಡಿಸು ಅಂತ ಮಾತ್ರ ಇವತ್ತೇ ಹೇಳಿ. ಟಾರ್ಗೆಟ್ ಬಿಡುವುದಿಲ್ಲ ಅಂತ ಅವನು ಅನ್ನಬಹುದು. ಹಾಗಂದರೆ ಶೀಟ್ ಇಡಲು, ತೆಗೆಯಲು ಉದ್ದ ಹಿಡಿಯ ಮ್ಯಾಗ್ನೆಟ್ ಅಥವಾ ಇಕ್ಕಳ ಬಳಸು ಅಂತ ಬೇಡಿಕೊಳ್ಳಿ. ಅದು ಎರಡನೇ ಬಟನ್ ಮಾಡುವ ಕೆಲಸವನ್ನು ಮಾಡುವುದಿಲ್ಲ. ಆದರೆ ಇವತ್ತು ರಾತ್ರಿ ಡೈ ಕೆಳಗೆ ಬೆರಳಿನ ಬದಲು ಕಬ್ಬಿಣ ಇರುತ್ತದೆ.